ಮ್ಯಾನೇಜರ್ ಹತ್ತಿರ ನಿಂತ ಕೆಲಸವನ್ನು ಮೇಲಿನವರಿಗೆ ಮುಟ್ಟಿಸುವುದು ಹೇಗೆ?

ಒಪ್ಪಿಗೆ ಕೇಳಿ ಮೂರು ವಾರ ಆಗಿದೆ. ನೆನಪಿಸಿದಾಗಲೆಲ್ಲ ಮ್ಯಾನೇಜರ್ ‘ನೋಡೋಣ’ ಅನ್ನುತ್ತಾರೆ. ಗ್ರಾಹಕರಿಗೆ ಮಾತು ಕೊಟ್ಟ ದಿನ ಹತ್ತಿರ ಬರುತ್ತಿದೆ. ಮ್ಯಾನೇಜರ್ ಮೇಲಿರುವವರಿಗೆ ಹೇಳಿದರೆ ಚಾಡಿ ಹೇಳಿದ ಹಾಗಾಗುತ್ತದೆ, ಹೇಳದಿದ್ದರೆ ನಾಳೆ ‘ಮೊದಲೇ ಯಾಕೆ ತಿಳಿಸಲಿಲ್ಲ’ ಎಂಬ ಪ್ರಶ್ನೆ ನಮಗೇ ಬರುತ್ತದೆ. ಈ ಇಕ್ಕಟ್ಟಿನಲ್ಲಿ ತುಂಬ ಜನ ಸುಮ್ಮನಿದ್ದುಬಿಡುತ್ತಾರೆ, ಇಲ್ಲವೇ ತಾಳ್ಮೆ ಕೆಟ್ಟ ದಿನ ಉದ್ದದ ಮೇಲ್ ಬರೆದು ಎಲ್ಲರನ್ನೂ ಸಿಸಿಯಲ್ಲಿ ಹಾಕುತ್ತಾರೆ. ಎರಡೂ ಬೇಡ. ಆಗಬೇಕಾದ ಒಂದು ತೀರ್ಮಾನವನ್ನು, ಮ್ಯಾನೇಜರ್‌ಗೆ ಗೊತ್ತಿರುವ ಹಾಗೇ ಮೇಲಕ್ಕೆ ಒಯ್ಯಬಹುದು.

ಒಂದು ಉದಾಹರಣೆ ಇಟ್ಟುಕೊಂಡೇ ನೋಡೋಣ. ನಿಮ್ಮ ತಂಡ ಒಂದು ಸಾಫ್ಟ್‌ವೇರನ್ನು ಜುಲೈ 15ಕ್ಕೆ ಗ್ರಾಹಕರಿಗೆ ಕೊಡಬೇಕು. ಅದನ್ನು ಪರೀಕ್ಷಿಸಲು ಒಂದು ಸರ್ವರ್ ಬೇಕು. ಖರೀದಿಗೆ ಒಪ್ಪಿಗೆ ಕೇಳಿದ್ದು ಮೇ 12ರಂದು. ಮೇ 26ರಂದು ಮತ್ತೊಮ್ಮೆ ನೆನಪಿಸಿದ್ದೀರಿ. ಈಗ ಜೂನ್ 2, ಇನ್ನೂ ಒಪ್ಪಿಗೆ ಬಂದಿಲ್ಲ.

ಮೊದಲು ದಿನದ ಲೆಕ್ಕ

‘ತಡವಾಗುತ್ತಿದೆ’ ಅನ್ನುವ ಮಾತಿಗೆ ಕಚೇರಿಯಲ್ಲಿ ತೂಕ ಇಲ್ಲ. ಎಲ್ಲರ ಕೆಲಸವೂ ತಡವಾಗಿಯೇ ಇರುತ್ತದೆ. ಹಾಗಾಗಿ ಕೊನೆಯ ದಿನದಿಂದ ಹಿಂದಕ್ಕೆ ಎಣಿಸಿ. ಸರ್ವರ್ ಬಂದ ಮೇಲೆ ಜೋಡಿಸಿ, ಪರೀಕ್ಷೆ ಮುಗಿಸಲು ಒಂದು ವಾರ ಬೇಕು. ಅಂದರೆ ಜುಲೈ 8ಕ್ಕೆ ಅದು ಕೈಯಲ್ಲಿರಬೇಕು. ಆರ್ಡರ್ ಕೊಟ್ಟ ಮೇಲೆ ಬರಲು ನಾಲ್ಕು ವಾರ. ಹಾಗಾದರೆ ಆರ್ಡರ್ ಹೋಗಬೇಕಾದ್ದು ಜೂನ್ 10ಕ್ಕೆ.

ಈಗ ನಿಮ್ಮ ಕೈಗೆ ಒಂದು ತಾರೀಕು ಸಿಕ್ಕಿತು. ಜೂನ್ 10 ದಾಟಿದರೆ ಜುಲೈ 15 ತಪ್ಪುತ್ತದೆ. ಇದರಲ್ಲಿ ಯಾರ ಹೆಸರೂ ಇಲ್ಲ, ಯಾರ ಮೇಲೂ ಬೊಟ್ಟು ಮಾಡಿಲ್ಲ. ಮುಂದೆ ನೀವು ಆಡುವ ಮಾತೆಲ್ಲ ಈ ತಾರೀಕಿನ ಮೇಲೆ ನಿಲ್ಲಬೇಕು. ಲೆಕ್ಕ ಹಾಕಿದಾಗ ಇನ್ನೂ ಒಂದೂವರೆ ತಿಂಗಳು ಸಮಯ ಇದೆ ಅಂತ ಗೊತ್ತಾದರೆ ಕೆಲಸ ನಿಂತಿಲ್ಲ, ನಿಧಾನವಾಗಿದೆ ಅಷ್ಟೇ. ಆಗ ಮೇಲೆ ಹೋಗುವ ಅಗತ್ಯವೇ ಇಲ್ಲ.

ಗಂಟು ಎಲ್ಲಿದೆ ಅಂತ ಕೇಳಿ

ಹೆಚ್ಚಿನವರು ಎಡವುವುದು ಇಲ್ಲೇ. ಮ್ಯಾನೇಜರ್ ಸೋಮಾರಿತನದಿಂದ ಕೂತಿದ್ದಾರೆ ಅಂತ ಮನಸ್ಸಲ್ಲೇ ತೀರ್ಮಾನ ಮಾಡಿಬಿಡುತ್ತಾರೆ. ಆ ಸಿಟ್ಟು ಮೇಲ್‌ನಲ್ಲಿ ಎಷ್ಟು ಮುಚ್ಚಿದರೂ ಇಣುಕುತ್ತದೆ. ಅದರ ಬದಲು ಹತ್ತು ನಿಮಿಷ ಎದುರಿಗೆ ಕೂತು ಕೇಳಿ: ‘ಸರ್, ಆರ್ಡರ್ ಜೂನ್ 10ಕ್ಕೆ ಹೋಗದಿದ್ದರೆ ಜುಲೈ 15 ತಪ್ಪುತ್ತದೆ. ಒಪ್ಪಿಗೆ ಕೊಡೋಕೆ ನಿಮಗೆ ಏನು ಅಡ್ಡ ಬರ್ತಿದೆ? ನನ್ನಿಂದ ಏನಾದರೂ ಬೇಕಾ?’

‘ಯಾಕೆ ಕೊಟ್ಟಿಲ್ಲ’ ಅಂತ ಕೇಳಿದರೆ ಅವರು ಸಮಜಾಯಿಷಿ ಕೊಡಬೇಕಾಗುತ್ತದೆ. ‘ಏನು ಅಡ್ಡ ಬರ್ತಿದೆ’ ಅಂದರೆ ನಿಜವಾದ ಕಾರಣ ಹೊರಬರುವ ಸಾಧ್ಯತೆ ಜಾಸ್ತಿ. ನಮ್ಮ ಉದಾಹರಣೆಯಲ್ಲಿ ಮ್ಯಾನೇಜರ್ ಹೀಗೆ ಹೇಳಿದರು ಅಂದುಕೊಳ್ಳಿ: ‘ಈ ಕ್ವಾರ್ಟರ್ ಮುಗಿಯುವ ತನಕ ಹೊಸ ಖರ್ಚು ತಡೆದಿದ್ದಾರೆ. ಜುಲೈ 1ರ ಮೇಲೆ ನೋಡೋಣ ಅಂತಿದ್ದೆ.’

ನೋಡಿ, ಚಿತ್ರವೇ ಬದಲಾಯಿತು. ಜುಲೈ 1ಕ್ಕೆ ಆರ್ಡರ್ ಕೊಟ್ಟರೆ ಸರ್ವರ್ ಬರುವುದು ಜುಲೈ 29ಕ್ಕೆ, ಪರೀಕ್ಷೆ ಮುಗಿಯುವುದು ಆಗಸ್ಟ್ 5ಕ್ಕೆ. ಖರ್ಚಿನ ತಡೆಯನ್ನು ಸಡಿಲಿಸುವುದಾಗಲಿ, ಗ್ರಾಹಕರ ತಾರೀಕನ್ನು ಮೂರು ವಾರ ಮುಂದೂಡುವುದಾಗಲಿ ನಿಮ್ಮ ಮ್ಯಾನೇಜರ್ ಕೈಯಲ್ಲಿಲ್ಲ. ಅದು ಅವರ ಮೇಲಿನವರು, ಈ ಉದಾಹರಣೆಯಲ್ಲಿ ಒಬ್ಬ ಮೇಡಂ, ಮಾಡಬೇಕಾದ ತೀರ್ಮಾನ. ನಿಂತ ಕೆಲಸಗಳನ್ನು ಬಿಡಿಸಿ ನೋಡಿದರೆ ಬಹಳಷ್ಟು ಸಲ ಸಿಗುವುದು ಇದೇ. ನಡುವಿನವರು ತಮ್ಮ ಅಧಿಕಾರ ಮುಗಿಯುವ ಗೆರೆಯ ಮೇಲೆ ನಿಂತಿರುತ್ತಾರೆ. ಮೇಲೆ ಕೇಳೋಕೆ ಅವರಿಗೂ ಮುಜುಗರ ಇರುತ್ತದೆ.

ಮೇಲೆ ಹೋಗುವ ಮಾತನ್ನು ಅವರಿಗೇ ಮೊದಲು ಹೇಳಿ

ಅದೇ ಮಾತುಕತೆಯಲ್ಲಿ ಮುಂದುವರಿಸಿ: ‘ಹಾಗಾದರೆ ಇದು ಮೇಡಂ ಹಂತದಲ್ಲಿ ಆಗಬೇಕಲ್ವಾ? ನೀವು ಮಾತಾಡ್ತೀರಾ, ಇಬ್ಬರೂ ಹೋಗೋಣವಾ, ಇಲ್ಲ ನಾನು ನಿಮ್ಮನ್ನ ಸಿಸಿಯಲ್ಲಿ ಇಟ್ಟು ಬರೆಯಲಾ?’ ಮೂರು ದಾರಿ ಕೊಟ್ಟಿದ್ದೀರಿ, ಯಾವುದು ಅಂತ ಆರಿಸುವುದು ಅವರು. ‘ನಾನೇ ಮಾತಾಡ್ತೀನಿ’ ಅಂದರೆ ಒಳ್ಳೆಯದೇ. ಯಾವತ್ತಿಗೆ ಅಂತ ಕೇಳಿಟ್ಟುಕೊಳ್ಳಿ. ಆ ದಿನ ದಾಟಿದರೆ ‘ಸರ್, ಬುಧವಾರ ಅಂದಿದ್ದಿರಿ. ಜೂನ್ 10 ಹತ್ತಿರ ಬಂತು, ನಾಳೆ ಬೆಳಿಗ್ಗೆ ನಾನೇ ಒಂದು ಮೇಲ್ ಹಾಕ್ತೀನಿ, ನಿಮಗೂ ಸಿಸಿ ಇರುತ್ತೆ’ ಅನ್ನಿ. ಇದರಲ್ಲಿ ನೀವು ಅನುಮತಿ ಕೇಳುತ್ತಿಲ್ಲ, ತಿಳಿಸುತ್ತಿದ್ದೀರಿ. ಹಾಗಿದ್ದೂ ಅವರಿಗೆ ಒಂದು ರಾತ್ರಿ ಸಮಯ ಸಿಗುತ್ತದೆ. ಎಷ್ಟೋ ಸಲ ಆ ಒಂದು ರಾತ್ರಿಯಲ್ಲೇ ಗಂಟು ಬಿಚ್ಚಿಕೊಳ್ಳುತ್ತದೆ.

ಸಾಧ್ಯವಾದರೆ ಮೇಲ್‌ನ ಕರಡನ್ನು ಮೊದಲು ಅವರಿಗೇ ಕಳಿಸಿ, ‘ಏನಾದರೂ ತಪ್ಪಿದ್ದರೆ ತಿದ್ದಿ’ ಅನ್ನಿ. ಅವರಿಗೆ ಓದಲು ಕೊಡಬೇಕು ಅಂತ ಗೊತ್ತಿದ್ದಾಗ ನಿಮ್ಮ ಪೆನ್ನೂ ಹದವಾಗಿ ಓಡುತ್ತದೆ.

ಮೇಲ್ ಬರೆಯುವ ಬಗೆ

ಮೇಲಿನವರ ಹತ್ತಿರ ಪೂರ್ವಕಥೆ ಓದುವಷ್ಟು ಸಮಯ ಇರುವುದಿಲ್ಲ. ಅವರು ಏನು ತೀರ್ಮಾನಿಸಬೇಕು, ಯಾವತ್ತಿನೊಳಗೆ ಅನ್ನುವುದು ವಿಷಯದ ಸಾಲಿನಲ್ಲೇ ಕಾಣಬೇಕು.

ವಿಷಯ: ಪರೀಕ್ಷಾ ಸರ್ವರ್ ಖರೀದಿ – ಜೂನ್ 10ರೊಳಗೆ ತೀರ್ಮಾನ ಬೇಕು

‘ಮೇಡಂ,

ಜುಲೈ 15ಕ್ಕೆ ಕೊಡಬೇಕಾದ ಸಾಫ್ಟ್‌ವೇರ್‌ನ ಪರೀಕ್ಷೆಗೆ ಒಂದು ಸರ್ವರ್ ಬೇಕಿದೆ. ಆರ್ಡರ್ ಜೂನ್ 10ಕ್ಕೆ ಹೋದರೆ ಮಾತ್ರ ಆ ದಿನಕ್ಕೆ ಮುಗಿಯುತ್ತದೆ. ಬೇಡಿಕೆ ಮೇ 12ರಿಂದ ಒಪ್ಪಿಗೆಗೆ ಕಾದಿದೆ. ಕ್ವಾರ್ಟರ್ ಕೊನೆಯ ಖರ್ಚಿನ ತಡೆ ಇರುವುದರಿಂದ ಇದು ನಿಮ್ಮ ಹಂತದಲ್ಲಿ ಆಗಬೇಕು ಎಂದು ಸರ್ ತಿಳಿಸಿದರು. ಅವರ ಜೊತೆ ಮಾತಾಡಿಯೇ ಬರೆಯುತ್ತಿದ್ದೇನೆ.

ಮೂರು ದಾರಿಗಳಿವೆ. ಒಂದು, ಈ ಖರೀದಿಗೆ ಮಾತ್ರ ತಡೆ ಸಡಿಲಿಸುವುದು. ಎರಡು, ಎರಡು ತಿಂಗಳ ಮಟ್ಟಿಗೆ ಸರ್ವರ್ ಬಾಡಿಗೆಗೆ ಪಡೆಯುವುದು. ಖರ್ಚು ಕಡಿಮೆ, ಜುಲೈ 15 ತಪ್ಪುವುದಿಲ್ಲ. ಮೂರು, ಜುಲೈ 1ರ ಮೇಲೆ ಖರೀದಿಸಿ, ಆಗಸ್ಟ್ 5ಕ್ಕೆ ಕೊಡುತ್ತೇವೆಂದು ಗ್ರಾಹಕರಿಗೆ ಈಗಲೇ ತಿಳಿಸುವುದು.

ನಮಗೆ ಎರಡನೆಯದು ಸರಿ ಅನ್ನಿಸುತ್ತದೆ. ಯಾವುದು ಅಂತ ತಿಳಿಸಿದರೆ ಅದೇ ದಿನ ಮುಂದುವರಿಯುತ್ತೇವೆ.’

ಇದರಲ್ಲಿ ‘ಬೇಡಿಕೆ ಕಾದಿದೆ’ ಎಂಬ ಸಾಲು ಗಮನಿಸಿ. ‘ಸರ್ ಒಪ್ಪಿಗೆ ಕೊಟ್ಟಿಲ್ಲ’ ಅಂತಲೂ ಬರೆಯಬಹುದಿತ್ತು. ಸಂಗತಿ ಒಂದೇ. ಆದರೆ ಎರಡನೆಯದರಲ್ಲಿ ಒಬ್ಬ ವ್ಯಕ್ತಿ ಕಟಕಟೆಯಲ್ಲಿ ನಿಲ್ಲುತ್ತಾನೆ, ಓದುವವರು ಸರ್ವರ್ ಬಿಟ್ಟು ಅವರ ಬಗ್ಗೆ ಯೋಚಿಸಲು ಶುರು ಮಾಡುತ್ತಾರೆ. ಹಾಗೇ ‘ಎಷ್ಟು ಸಲ ಹೇಳಿದರೂ’, ‘ಪದೇ ಪದೇ ನೆನಪಿಸಿದರೂ’, ‘ಇವತ್ತಿನವರೆಗೂ’ ಅನ್ನುವ ಮಾತುಗಳನ್ನು ಹುಡುಕಿ ತೆಗೆಯಿರಿ. ಅವುಗಳಿಂದ ಓದುವವರಿಗೆ ಹೊಸ ಮಾಹಿತಿ ಏನೂ ಸಿಗುವುದಿಲ್ಲ, ನಿಮ್ಮ ಸಿಟ್ಟು ಮಾತ್ರ ಕಾಣುತ್ತದೆ. ಆ ಜಾಗದಲ್ಲಿ ತಾರೀಕು ಹಾಕಿ.

ಹಳೆಯ ಮೇಲ್‌ಗಳ ಸರಪಳಿಯನ್ನು ಕೆಳಗೆ ಅಂಟಿಸಬೇಡಿ. ನಿಮಗದು ಹಿನ್ನೆಲೆ, ನೋಡುವವರಿಗೆ ಸಾಕ್ಷಿ ಒದಗಿಸಿದ ಹಾಗೆ. ಕೇಳಿದರೆ ಕೊಡಿ. ಮ್ಯಾನೇಜರ್‌ಗೆ ಕಾಣದ ಹಾಗೆ ಬಿಸಿಸಿಯಲ್ಲಿ ಯಾರನ್ನೂ ಸೇರಿಸಬೇಡಿ. ಒಬ್ಬರು ಮರೆತು ‘ರಿಪ್ಲೈ ಆಲ್’ ಒತ್ತಿದರೂ ಸಾಕು, ಅಲ್ಲಿಯವರೆಗೆ ನೀವು ಕಾಪಾಡಿಕೊಂಡಿದ್ದೆಲ್ಲ ಹೋಗುತ್ತದೆ.

ಕಾರಣ ಗೊತ್ತಾಗದೇ ಇದ್ದರೆ? ಮ್ಯಾನೇಜರ್ ಏನೂ ಹೇಳಲಿಲ್ಲ, ಬರೀ ‘ನೋಡೋಣ’ ಅಂದರು ಅನ್ನಿ. ಆಗ ಕಾರಣದ ಸಾಲನ್ನೇ ಬಿಟ್ಟುಬಿಡಿ. ‘ಸರ್ ಜೊತೆ ಜೂನ್ 2ರಂದು ಮಾತಾಡಿದ್ದೇನೆ, ಈ ಮೇಲ್ ವಿಷಯವೂ ಅವರಿಗೆ ತಿಳಿದಿದೆ’ ಅಂದರೆ ಸಾಕು. ಊಹೆಯ ಕಾರಣ ಬರೆದರೆ, ಅದು ಒಳ್ಳೆಯ ಉದ್ದೇಶದ್ದೇ ಆಗಿದ್ದರೂ, ಅವರ ಪರವಾಗಿ ನೀವು ಮಾತಾಡಿದ ಹಾಗಾಗುತ್ತದೆ.

ಎದುರಿಗೆ ಕರೆದು ಕೇಳಿದರೆ

ಮೇಲ್ ಚೆನ್ನಾಗಿ ಬರೆದವರೂ ಜಾರುವುದು ಈ ಘಟ್ಟದಲ್ಲಿ. ಮೇಡಂ ಕರೆದು, ‘ನಿಮ್ಮ ಮ್ಯಾನೇಜರ್ ಮೂರು ವಾರ ಏನು ಮಾಡ್ತಿದ್ರು?’ ಅಂತ ಕೇಳಬಹುದು. ಸಹಾನುಭೂತಿಯಿಂದಲೇ ಕೇಳಿರುತ್ತಾರೆ, ಮನಸ್ಸು ಬಿಚ್ಚಿ ಹೇಳೋಣ ಅನ್ನಿಸುತ್ತದೆ. ಹೇಳಬೇಡಿ. ‘ಅವರ ಕಡೆಯ ವಿಷಯ ಅವರೇ ಸರಿಯಾಗಿ ಹೇಳ್ತಾರೆ ಮೇಡಂ. ನನಗೆ ಗೊತ್ತಿರೋದು ಖರ್ಚಿನ ತಡೆ ಇದೆ ಅಂತ ಅವರು ಹೇಳಿದ್ದು. ಈಗ ಬಾಡಿಗೆಗೆ ಒಪ್ಪಿಗೆ ಸಿಕ್ಕಿದರೆ ನಮ್ಮ ಕೆಲಸ ಆಗುತ್ತೆ’ ಅನ್ನಿ. ಇದು ಜಾರಿಕೊಳ್ಳುವ ಉತ್ತರ ಅಲ್ಲ. ನಿಮಗೆ ಕಂಡಿದ್ದನ್ನು ಹೇಳಿ, ಮಾತನ್ನು ತೀರ್ಮಾನದ ಕಡೆಗೆ ತಿರುಗಿಸಿದ್ದೀರಿ.

‘ಇದನ್ನ ನಿಮ್ಮ ಮ್ಯಾನೇಜರ್ ಹತ್ತಿರವೇ ಬಗೆಹರಿಸಿಕೊಳ್ಳಿ’ ಅಂತ ವಾಪಸ್ ಕಳಿಸಲೂಬಹುದು. ವಾದಿಸಬೇಡಿ. ‘ಸರಿ ಮೇಡಂ, ಆದರೆ ಖರ್ಚಿನ ತಡೆಯಿಂದ ಇದಕ್ಕೆ ವಿನಾಯಿತಿ ಕೊಡೋಕೆ ಅವರಿಗೆ ಅಧಿಕಾರ ಇದೆ ಅಂತ ಅವರಿಗೆ ತಿಳಿಸಲಾ?’ ಅಂತ ಒಂದೇ ಪ್ರಶ್ನೆ ಕೇಳಿ. ಹೌದು ಅಂದರೂ ಇಲ್ಲ ಅಂದರೂ ನಿಮಗೊಂದು ಉತ್ತರ ಸಿಕ್ಕಿದೆ.

ಆಮೇಲಿನ ಎರಡು ದಿನ

ಬಾಡಿಗೆಗೆ ಒಪ್ಪಿಗೆ ಬಂತು ಅಂದುಕೊಳ್ಳಿ. ಮುಂದಿನ ಹೆಜ್ಜೆಗೆ ಮತ್ತೆ ಮ್ಯಾನೇಜರ್ ಹತ್ತಿರವೇ ಹೋಗಿ. ಕೊಟೇಶನ್, ಸಹಿ, ವರದಿ ಎಲ್ಲ ಅವರ ಮೂಲಕವೇ ನಡೆಯಲಿ. ಕೆಲಸ ಶುರುವಾದ ಮೇಲೆ ಇಬ್ಬರಿಗೂ ಎರಡು ಸಾಲು ಬರೆಯಿರಿ: ‘ಸರ್ವರ್ ಬಂದಿದೆ, ಪರೀಕ್ಷೆ ಶುರುವಾಗಿದೆ, ಜುಲೈ 15 ಹಾಗೇ ಇದೆ.’ ಮೇಲಿನವರು ನೇರವಾಗಿ ಇನ್ನೊಂದು ವಿಷಯ ಕೇಳಿದರೆ ಉತ್ತರ ಕೊಡಿ, ಮ್ಯಾನೇಜರ್‌ಗೂ ಒಂದು ಪ್ರತಿ ಹಾಕಿ. ಒಮ್ಮೆ ತೆರೆದ ಬಾಗಿಲಿನಿಂದ ದಿನಾ ಓಡಾಡಲು ಶುರು ಮಾಡಿದರೆ, ಮೊದಲ ಸಲ ಹೋದದ್ದೂ ದೂರು ಹೇಳಲಿಕ್ಕೇ ಅಂತ ಮ್ಯಾನೇಜರ್‌ಗೆ ಅನ್ನಿಸುತ್ತದೆ.

ಈ ದಾರಿ ಎಲ್ಲದಕ್ಕೂ ಹೊಂದುವುದಿಲ್ಲ. ಕಿರುಕುಳ, ಹಣದ ಮೋಸ, ಜೀವಕ್ಕೆ ಅಪಾಯ ತರುವ ನಿರ್ಲಕ್ಷ್ಯ, ಇವುಗಳಲ್ಲಿ ಮ್ಯಾನೇಜರ್‌ಗೆ ಮುಂಚೆ ಹೇಳಬೇಕು, ಕರಡು ತೋರಿಸಬೇಕು ಅನ್ನುವ ಮಾತೇ ಬರುವುದಿಲ್ಲ. ಅವು ನಿಜಕ್ಕೂ ದೂರುಗಳು. ಅದಕ್ಕೆಂದೇ ಇರುವ ಸಮಿತಿಗೋ ವಿಭಾಗಕ್ಕೋ ನೇರವಾಗಿ ಹೋಗಬೇಕು, ಸಾಕ್ಷಿ ಸಮೇತ ಹೋಗಬೇಕು.

ಇನ್ನು ಮೇಲಿನವರಿಂದಲೂ ಉತ್ತರ ಬಾರದೇ ಹೋದರೆ ಎರಡು ಕೆಲಸದ ದಿನ ಕಾದು, ಅದೇ ಮೇಲ್ ಮೇಲೆ ಒಂದು ಸಾಲು ಸೇರಿಸಿ ಕಳಿಸಿ: ‘ಜೂನ್ 10ರ ಸಂಜೆಯೊಳಗೆ ತಿಳಿಯದಿದ್ದರೆ ಮೂರನೆಯ ದಾರಿ ಎಂದುಕೊಂಡು, ಆಗಸ್ಟ್ 5ರ ಲೆಕ್ಕದಲ್ಲಿ ಯೋಜನೆ ಬದಲಿಸುತ್ತೇವೆ. ಗ್ರಾಹಕರಿಗೆ ಬರೆಯಬೇಕಾದ ಪತ್ರದ ಕರಡನ್ನು ಸರ್‌ಗೆ ಕೊಟ್ಟಿರುತ್ತೇನೆ.’ ಆಮೇಲೆ ಜೂನ್ 11ರ ಬೆಳಿಗ್ಗೆ ಆ ಕರಡನ್ನು ನಿಜವಾಗಿಯೂ ಕೊಡಿ.