ತಿಂಗಳ ಕೊನೆಯ ಜರ್ನಲ್ ನಮೂದು: ಕಾರ್ಡ್ ಹಣಕ್ಕೆ ನಾನು ಪ್ರತ್ಯೇಕ ಖಾತೆ ಇಟ್ಟಿದ್ದೇಕೆ

ಚಿಲ್ಲರೆ ವ್ಯಾಪಾರದ ಲೆಕ್ಕವನ್ನು ನಾನು ದಿನದ ಮಾರಾಟಪಟ್ಟಿಯಿಂದ ಬರೆಯುತ್ತೇನೆಯೇ ಹೊರತು ಬ್ಯಾಂಕಿನ ಪಾಸ್‌ಪುಸ್ತಕದಿಂದಲ್ಲ. ಪಟ್ಟಿಯ ಎಡಭಾಗದಲ್ಲಿ ತೆರಿಗೆ ಬಿಟ್ಟ ಮಾರಾಟ ಮತ್ತು ತೆರಿಗೆ, ಬಲಭಾಗದಲ್ಲಿ ನಗದು, ಕಾರ್ಡ್ ಮತ್ತು ಉದ್ರಿ ಇರುತ್ತವೆ. ಎರಡೂ ಭಾಗಗಳ ಮೊತ್ತ ಪ್ರತಿದಿನವೂ ಸರಿಹೊಂದಬೇಕು. ವ್ಯತ್ಯಾಸ ಬಂದರೆ ಅಂದೇ ಹುಡುಕುತ್ತೇನೆ. ತಿಂಗಳು ಕಳೆದ ಮೇಲೆ ಯಾವ ಬಿಲ್ಲು ತಪ್ಪಿತೆಂದು ಹೇಳುವುದು ಕಷ್ಟ.

ಉದಾಹರಣೆಗೆ, ಶೇಕಡ 10ರ ತೆರಿಗೆಯಿರುವ ಒಂದು ತಿಂಗಳಲ್ಲಿ ಮಾರಾಟ 4,00,000, ತೆರಿಗೆ 40,000, ಒಟ್ಟು 4,40,000 ಎಂದಿಟ್ಟುಕೊಳ್ಳೋಣ. ಇದರಲ್ಲಿ ನಗದು 1,50,000, ಕಾರ್ಡ್ 2,60,000, ಉದ್ರಿ 30,000. ಆಗ ನಗದು, ಕಾರ್ಡಿನಲ್ಲಿ ಮಾರಿದ್ದರೂ ಇನ್ನೂ ಬ್ಯಾಂಕಿಗೆ ಬರಬೇಕಾದ ಹಣದ ಕಾರ್ಡ್ ಬಾಕಿ ಮತ್ತು ಗ್ರಾಹಕರ ಖಾತೆಗಳನ್ನು ಈ ಮೊತ್ತಗಳಿಗೆ ಡೆಬಿಟ್ ಮಾಡಿ, ಮಾರಾಟ ಖಾತೆಗೆ 4,00,000 ಮತ್ತು ತೆರಿಗೆ ಬಾಕಿ ಖಾತೆಗೆ 40,000 ಕ್ರೆಡಿಟ್ ಮಾಡುತ್ತೇನೆ. ತೆರಿಗೆ ನಮ್ಮ ಆದಾಯವಲ್ಲ, ಸರ್ಕಾರಕ್ಕೆ ಕಟ್ಟಬೇಕಾದ ಹೊಣೆ. ಆದ್ದರಿಂದ ಅದು ಮಾರಾಟ ಖಾತೆಯೊಳಗೆ ಒಂದು ದಿನವೂ ಸೇರಬಾರದು.

ಹೆಚ್ಚು ಎಚ್ಚರ ಬೇಕಾದದ್ದು ಕಾರ್ಡ್ ಬಾಕಿ ಖಾತೆಯಲ್ಲಿ. ಆ ತಿಂಗಳೊಳಗೆ ಬ್ಯಾಂಕಿಗೆ ಬಂದದ್ದು 2,40,100 ಮಾತ್ರ. ಇದು 2,45,000ದ ವ್ಯವಹಾರಕ್ಕೆ ಶೇಕಡ 2ರ ಶುಲ್ಕವಾದ 4,900ನ್ನು ಹಿಡಿದುಕೊಂಡು ಕಳುಹಿಸಿದ ಹಣ. ಹಾಗಾಗಿ ಎರಡನೆಯ ನಮೂದಿನಲ್ಲಿ ಬ್ಯಾಂಕಿಗೆ 2,40,100 ಮತ್ತು ಶುಲ್ಕದ ಖರ್ಚಿಗೆ 4,900 ಡೆಬಿಟ್ ಮಾಡಿ, ಕಾರ್ಡ್ ಬಾಕಿಗೆ 2,45,000 ಕ್ರೆಡಿಟ್ ಮಾಡುತ್ತೇನೆ. ಉಳಿಯುವ 15,000 ಕೊನೆಯ ದಿನದ ಕಾರ್ಡ್ ಮಾರಾಟಕ್ಕೆ ಸರಿಯಾಗಿ ಹೊಂದಬೇಕು, ಏಕೆಂದರೆ ಆ ಹಣ ಮುಂದಿನ ತಿಂಗಳು ಬ್ಯಾಂಕಿಗೆ ಬರುತ್ತದೆ. ಬ್ಯಾಂಕಿಗೆ ಬಂದ ಮೊತ್ತವನ್ನೇ ಕಾರ್ಡ್ ಮಾರಾಟವೆಂದು ಬರೆದರೆ ಶುಲ್ಕ ಲೆಕ್ಕದಿಂದಲೇ ಮರೆಯಾಗುತ್ತದೆ, ಕೊನೆಯ ದಿನದ ವ್ಯಾಪಾರ ಮುಂದಿನ ತಿಂಗಳಿಗೆ ಜಾರುತ್ತದೆ, ತೆರಿಗೆಯೂ ಕಡಿಮೆ ಕಾಣುತ್ತದೆ. ಇಷ್ಟಾದರೂ ಎಲ್ಲ ಖಾತೆಗಳ ಡೆಬಿಟ್ ಮತ್ತು ಕ್ರೆಡಿಟ್ ಮೊತ್ತ ಸಮವೇ ಎಂದು ನೋಡುವ ತಾಳೆಪಟ್ಟಿ ಹೊಂದಿಯೇ ಇರುತ್ತದೆ. ಆದ್ದರಿಂದ ತಾಳೆಪಟ್ಟಿಯೊಂದನ್ನೇ ನಂಬುವುದು ಸಾಲದೆಂಬುದು ನನ್ನ ದೃಢವಾದ ಅಭಿಪ್ರಾಯ.

ಹಳೆಯ ಉದ್ರಿಯ ವಸೂಲಿಯನ್ನು ಮಾರಾಟಪಟ್ಟಿಯಲ್ಲಿ ಸೇರಿಸದೆ ಬೇರೆ ರಸೀದಿಯಲ್ಲಿ ಬರೆಯುತ್ತೇನೆ. ಗಲ್ಲಾಪೆಟ್ಟಿಗೆಗೆ ಹಿಂದಿನ ತಿಂಗಳ ಬಾಕಿ 20,000 ಬಂದಿದ್ದರೆ ನಗದು ಡೆಬಿಟ್, ಗ್ರಾಹಕರ ಖಾತೆ ಕ್ರೆಡಿಟ್, ಅಷ್ಟೇ. ಬಿಲ್ಲು ಹಾಕಿದಾಗಲೇ ತೆರಿಗೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಪದ್ಧತಿಯಲ್ಲಿ ಇದರ ತೆರಿಗೆ ಆಗಲೇ ನಮೂದಾಗಿರುತ್ತದೆ. ಮತ್ತೆ ಮಾರಾಟವೆಂದು ತೋರಿಸಿದರೆ ಆದಾಯವೂ ತೆರಿಗೆಯೂ ಎರಡು ಸಲ ಬರುತ್ತವೆ.

ಕೊನೆಗೆ ಮಾರಾಟದ ಶೇಕಡ 10ನ್ನು ತೆರಿಗೆ ಖಾತೆಯ ಮೊತ್ತದೊಂದಿಗೆ ಹೋಲಿಸುತ್ತೇನೆ. ಪ್ರತಿ ಬಿಲ್ಲಿನಲ್ಲಿ ಪೂರ್ಣಾಂಕಕ್ಕೆ ತಂದದ್ದರಿಂದ ಚಿಲ್ಲರೆ ವ್ಯತ್ಯಾಸ ಬರುವುದು ಸಹಜ. ಅದಕ್ಕಿಂತ ದೊಡ್ಡದಾಗಿದ್ದರೆ ತೆರಿಗೆಯಿಲ್ಲದ ಸರಕು ಅಥವಾ ವಾಪಸಾದ ಮಾಲಿನ ಬಿಲ್ಲುಗಳನ್ನು ಮೊದಲು ನೋಡುತ್ತೇನೆ.