ಮಕ್ಕಳ ಫೋಟೋದಿಂದ ಕಾಮಿಕ್ ಪಾತ್ರ: ಪೋಷಕರಿಗೆ ಹೀಗೆ ಬರೆಯಿರಿ

ಟೀಚರ್‌ಗಳೇ, ಈ ಪ್ರಾಜೆಕ್ಟ್ ಶುರು ಮಾಡುವ ಮುಂಚೆ ಪೋಷಕರಿಗೆ ಪತ್ರ ಕಳಿಸಿಬಿಡಿ. ನಾನು ಐದನೇ ತರಗತಿಗೆ ಬರೆದದ್ದು ಇದು, ಬೇಕಾದಂತೆ ಬದಲಿಸಿಕೊಳ್ಳಿ.

"ಪೋಷಕರೇ, ನಮಸ್ಕಾರ. ಮಕ್ಕಳು ತಮ್ಮ ಫೋಟೋ ಇಟ್ಟುಕೊಂಡು ತಮ್ಮನ್ನೇ ಕಾಮಿಕ್ ಪಾತ್ರ ಮಾಡಲಿದ್ದಾರೆ. ಎಲ್ಲ ಕೈಯಲ್ಲೇ, ಯಾವ ಆ್ಯಪ್‌ಗೂ ಫೋಟೋ ಹಾಕುವುದಿಲ್ಲ. ಮಗುವನ್ನು ಕಿಟಕಿ ಪಕ್ಕ ನಿಲ್ಲಿಸಿ ಮುಖ, ಹೆಗಲು ಮಾತ್ರ ತೆಗೆಯಿರಿ. ಒಂದು ಕೆನ್ನೆಗೆ ನೆರಳು ಬೀಳಲಿ, ಮಕ್ಕಳು ಅದಕ್ಕೇ ಕಪ್ಪು ತುಂಬುತ್ತಾರೆ. ಫ್ಲ್ಯಾಶ್ ಹಾಕಿದರೆ ಮುಖ ಚಪ್ಪಟೆಯಾಗಿ ಮೂಗಿನ ಗೆರೆಯೇ ಸಿಗುವುದಿಲ್ಲ. ಫೋಟೋವನ್ನು ಗ್ರೂಪಿಗೆ ಹಾಕಬೇಡಿ, ನನಗೊಬ್ಬಳಿಗೇ ಕಳಿಸಿ. ಪ್ರಿಂಟ್ ಆದಮೇಲೆ ಅಳಿಸುತ್ತೇನೆ. ಫೋಟೋ ಕೊಡಲು ಇಷ್ಟವಿಲ್ಲದಿದ್ದರೆ ಮಗು ಕನ್ನಡಿ ನೋಡಿ ಬಿಡಿಸಲಿ, ಏನೂ ತೊಂದರೆಯಿಲ್ಲ. ಒಪ್ಪಿಗೆಯಿದ್ದರೆ ಕೆಳಗೆ ಸಹಿ ಮಾಡಿ."

ಕನ್ನಡಿಯ ಸಾಲು ಬಿಡಬೇಡಿ. ಅದಿಲ್ಲದಿದ್ದರೆ ಬೇಡ ಅನ್ನಲು ಪೋಷಕರಿಗೆ ಮುಜುಗರ ಆಗುತ್ತೆ ಅಲ್ವಾ?

ತರಗತಿಯಲ್ಲಿ ಕಪ್ಪು ಬಿಳುಪು ಪ್ರಿಂಟ್ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು, ಜರುಗದಂತೆ ಕ್ಲಿಪ್ ಹಾಕಿಸಿ. ಕೂದಲು, ಹುಬ್ಬು, ಕಣ್ಣು, ಮೂಗಿನ ತುದಿ, ತುಟಿ, ಗಲ್ಲ, ಇಷ್ಟೇ ಗೆರೆ ಸಾಕು. ಒಂದೊಂದು ಹಲ್ಲನ್ನೂ, ಮೂಗಿನಿಂದ ಬಾಯಿಗೆ ಇಳಿಯುವ ಮಡಿಕೆಯನ್ನೂ ಎಳೆದರೆ ಹತ್ತು ವರ್ಷದ ಮಗು ಅಜ್ಜನಂತೆ ಕಾಣುತ್ತದೆ. ಹಲ್ಲಿನ ಜಾಗ ಸುಮ್ನೆ ಬಿಳಿಯಾಗಿಯೇ ಇರಲಿ.