ಬಟನ್ ಫೋನಿನಿಂದ ಹಣ ಪಾವತಿ: ಪಿನ್ ಒತ್ತುವ ಮುನ್ನ ಏನನ್ನು ಕೇಳಿಸಿಕೊಳ್ಳಬೇಕು?

ಗೋವಾದ ವಾಸ್ಕೋ, ಝುವಾರಿನಗರದ ಕಡೆಯ ಕಿರಾಣಿ ಅಂಗಡಿಗಳಲ್ಲಿ ವಿಜಯಪುರ, ಬಾಗಲಕೋಟೆ ಕಡೆಯಿಂದ ಬಂದು ನೆಲೆಸಿದ ಹಿರಿಯರು ಬಟನ್ ಫೋನಿನಿಂದ ಹಣ ಕೊಡಲು ಹೊರಟಾಗ ಸಾಮಾನ್ಯವಾಗಿ ಎರಡರಲ್ಲೊಂದು ಕಾಣಸಿಗುತ್ತದೆ. ಒಂದೋ ಅಂಗಡಿಯವನೇ ಫೋನನ್ನು ಕೈಗೆ ತೆಗೆದುಕೊಂಡು ಪಿನ್ ಕೇಳಿ ಒತ್ತುತ್ತಾನೆ, ಇಲ್ಲವೇ ಕರೆಯ ನಡುವೆ ಧ್ವನಿ ಒಂದು ಕ್ಷಣ ನಿಂತೊಡನೆ ಗಿರಾಕಿ ಗಾಬರಿಯಾಗಿ ಕರೆ ಕತ್ತರಿಸುತ್ತಾರೆ. ಎರಡೂ ತಪ್ಪು. ಒಂದು ನಂಬರಿಗೆ ಕರೆ ಮಾಡಿ, ಯಂತ್ರದ ಧ್ವನಿ ಹೇಳಿದಂತೆ ಅಂಕಿ ಒತ್ತಿ ಹಣ ಕಳಿಸುವ ಈ ಸೇವೆಯ ಹೆಸರು ಯುಪಿಐ 123ಪೇ. ರಿಸರ್ವ್ ಬ್ಯಾಂಕ್ ಇದನ್ನು 2022ರ ಮಾರ್ಚ್‌ನಲ್ಲಿ ಆರಂಭಿಸಿತು. ಇದಕ್ಕೆ ಇಂಟರ್ನೆಟ್ ಬೇಕಿಲ್ಲ. ಸಾಮಾನ್ಯ ಕರೆ ಮಾಡಬಲ್ಲ ಫೋನಿದ್ದರೆ ಸಾಕು.

ಮೊದಲ ಹಂತ ನೋಂದಣಿ. ನಿಮ್ಮ ಬ್ಯಾಂಕ್ ಖಾತೆಗೆ ಜೋಡಿಸಿರುವ ಸಿಮ್ಮಿನಿಂದಲೇ 6366 200 200 ಅಥವಾ 080 4516 3666ಕ್ಕೆ ಕರೆ ಮಾಡಿ, ಕನ್ನಡವನ್ನು ಆರಿಸಿ, ಬ್ಯಾಂಕಿನ ಹೆಸರು ಸೂಚಿಸಿ, ಎಟಿಎಂ ಕಾರ್ಡಿನ ಕೊನೆಯ ಆರು ಅಂಕಿ, ಅದರ ಅವಧಿ ಮುಗಿಯುವ ತಿಂಗಳು-ವರ್ಷ ಮತ್ತು ಎಸ್‌ಎಂಎಸ್‌ನಲ್ಲಿ ಬರುವ ಓಟಿಪಿ ಕೊಟ್ಟು, ಯುಪಿಐ ಪಿನ್ ಇಟ್ಟುಕೊಳ್ಳಬೇಕು. ಊರಿನ ಖಾತೆಗೆ ಮಗನ ನಂಬರು ಕೊಟ್ಟಿದ್ದರೆ ಈ ಕೆಲಸ ಇಲ್ಲಿಗೇ ನಿಲ್ಲುತ್ತದೆ. ಬ್ಯಾಂಕಿನಲ್ಲಿ ನಂಬರು ಬದಲಿಸಿಕೊಳ್ಳದೆ ಬೇರೆ ದಾರಿಯಿಲ್ಲ. ಹಾಗೆಯೇ ಎಟಿಎಂ ಪಿನ್ ಬೇರೆ, ಯುಪಿಐ ಪಿನ್ ಬೇರೆ. ಎರಡೂ ನಾಲ್ಕೇ ಅಂಕಿಯವು ಆಗಿದ್ದಾಗ ಜನ ಒಂದರ ಬದಲು ಇನ್ನೊಂದನ್ನು ಒತ್ತುತ್ತಾರೆ, ಸತತ ತಪ್ಪಾದರೆ ಬ್ಯಾಂಕು ಪಿನ್ನನ್ನು ತಾತ್ಕಾಲಿಕವಾಗಿ ತಡೆಹಿಡಿಯುತ್ತದೆ.

ಫೋನನ್ನು ಮೊದಲೇ ಪರೀಕ್ಷಿಸಿಕೊಳ್ಳಿ. ಕರೆಯ ನಡುವೆ ನೀವು ಒತ್ತುವ ಪ್ರತಿ ಬಟನ್ ಒಂದು ನಿರ್ದಿಷ್ಟ ಸ್ವರವನ್ನು ಆಚೆ ಕಡೆಗೆ ಕಳಿಸುತ್ತದೆ, ಆ ಸ್ವರದಿಂದಲೇ ಅಂಕಿ ಯಾವುದೆಂದು ಅಲ್ಲಿಯ ಯಂತ್ರ ಗುರುತಿಸುತ್ತದೆ. ನಿಮ್ಮ ಸಿಮ್ ಕಂಪನಿಯ ಗ್ರಾಹಕ ಸೇವೆಗೆ ಕರೆ ಮಾಡಿ ಭಾಷೆಯ ಅಂಕಿ ಒತ್ತಿ ನೋಡಿ. ಧ್ವನಿ ಮುಂದಿನ ಪ್ರಶ್ನೆಗೆ ಹೋದರೆ ಸ್ವರ ಸರಿಯಾಗಿ ತಲುಪುತ್ತಿದೆ ಎಂದರ್ಥ, ಅದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದರೆ ಫೋನಿನಲ್ಲಿ ದೋಷವಿರಬಹುದು. ಸಂತೆಯಲ್ಲಿ ಸಿಗುವ ಹೆಸರಿಲ್ಲದ ಅಗ್ಗದ ಸೆಟ್‌ಗಳನ್ನು ಈ ಕೆಲಸಕ್ಕೆ ಕೊಳ್ಳಬೇಡಿ. ಕೆಲವು ತಿಂಗಳಲ್ಲಿ ಅವುಗಳ ಬಟನ್ ಸಡಿಲವಾಗಿ, ಒಮ್ಮೆ ಒತ್ತಿದ ಅಂಕಿ ಎರಡು ಸಲ ಬೀಳತೊಡಗುತ್ತದೆ. ಹಣದ ಮೊತ್ತದಲ್ಲಿ ಇದರ ಪರಿಣಾಮವೇನೆಂದು ಮುಂದೆ ನೋಡೋಣ.

ಈಗ ಪಾವತಿಯ ಹಂತ. ಝುವಾರಿನಗರದ ಒಬ್ಬ ತಾಯಿ ಅಕ್ಕಿ, ಬೇಳೆ, ಎಣ್ಣೆಗೆಂದು 640 ರೂಪಾಯಿ ಕೊಡಬೇಕಿದೆ ಎಂದುಕೊಳ್ಳಿ. ಅವರು ಮೇಲಿನ ನಂಬರಿಗೆ ಕರೆ ಮಾಡಿ, ಹಣ ಕಳಿಸುವ ಆಯ್ಕೆಗೆ ಹೋಗಿ, ಅಂಗಡಿಯವರ ಹತ್ತು ಅಂಕಿಯ ಮೊಬೈಲ್ ನಂಬರನ್ನೂ ಮೊತ್ತವನ್ನೂ ಒತ್ತುತ್ತಾರೆ. ಯಾವ ಆಯ್ಕೆಗೆ ಯಾವ ಅಂಕಿ ಎಂಬುದನ್ನು ಬಾಯಿಪಾಠ ಮಾಡಿಕೊಳ್ಳುವುದು ಬೇಡ, ಅದು ಬದಲಾಗಬಹುದು. ಪ್ರತಿ ಸಲವೂ ಕೇಳಿಯೇ ಒತ್ತಬೇಕು. ಇದರ ನಂತರ ಧ್ವನಿಯು ಹಣ ಯಾರಿಗೆ, ಎಷ್ಟು ಎಂಬುದನ್ನು ಓದಿ ಹೇಳಿ ಪಿನ್ ಕೇಳುತ್ತದೆ. ಇಡೀ ಕರೆಯಲ್ಲಿ ಗಮನ ಕೊಟ್ಟು ಕೇಳಲೇಬೇಕಾದ ಮಾತೆಂದರೆ ಇದೊಂದೇ. ದುರದೃಷ್ಟವಶಾತ್ ಬಹುತೇಕರು ಇದನ್ನೇ ಕೇಳಿಸಿಕೊಳ್ಳುವುದಿಲ್ಲ, ಏಕೆಂದರೆ ಆ ಹೊತ್ತಿಗೆ ಅವರ ಕಣ್ಣು ಬಟನ್ನಿನ ಮೇಲಿರುತ್ತದೆ, ಫೋನು ಕಿವಿಯಿಂದ ದೂರವಿರುತ್ತದೆ.

ಆ ತಾಯಿಯ ಫೋನಿನಲ್ಲಿ ಸೊನ್ನೆಯ ಬಟನ್ ಎರಡು ಸಲ ಬಿದ್ದರೆ 640 ಹೋಗಿ 6400 ಆಗುತ್ತದೆ. ಹಿಂದೆ ಈ ಸೇವೆಯಲ್ಲಿ ಒಂದು ಸಲಕ್ಕೆ 5,000 ರೂಪಾಯಿ ಮಾತ್ರ ಕಳಿಸಬಹುದಿತ್ತು, ಹಾಗಾಗಿ ಇಂಥ ತಪ್ಪನ್ನು ಮಿತಿಯೇ ತಡೆಯುತ್ತಿತ್ತು. ಈಗ ಮಿತಿ 10,000 ರೂಪಾಯಿಗೆ ಏರಿದೆ, 6,400 ಯಾವ ಅಡ್ಡಿಯೂ ಇಲ್ಲದೆ ಹೋಗಿಬಿಡುತ್ತದೆ. ‘ಆರುನೂರ ನಲವತ್ತು’ ಎಂದು ಕೇಳಬೇಕಾದಲ್ಲಿ ‘ಆರು ಸಾವಿರ’ ಎಂದು ಕೇಳಿದರೆ ಪಿನ್ ಒತ್ತದೆ ಕರೆ ಕತ್ತರಿಸಿ. ಪಿನ್ ಒತ್ತುವವರೆಗೆ ಒಂದು ಪೈಸೆಯೂ ಖಾತೆಯಿಂದ ಹೊರಡುವುದಿಲ್ಲ. ಹೆಸರಿನ ವಿಷಯದಲ್ಲಿ ಮಾತ್ರ ಸ್ವಲ್ಪ ತಾಳ್ಮೆ ಬೇಕು. ಧ್ವನಿ ಹೇಳುವುದು ಬ್ಯಾಂಕ್ ಖಾತೆಯಲ್ಲಿರುವ ಹೆಸರನ್ನು, ಅಂಗಡಿಯ ಬೋರ್ಡಿನ ಹೆಸರನ್ನಲ್ಲ. ಅದು ಅಂಗಡಿಯವರ ಅಣ್ಣನದೋ ಹೆಂಡತಿಯದೋ ಆಗಿರಬಹುದು. ಪಿನ್ ಒತ್ತುವ ಮುನ್ನ ಆ ಹೆಸರು ಯಾರದೆಂದು ಅವರನ್ನೇ ಕೇಳಿ ಖಚಿತಪಡಿಸಿಕೊಳ್ಳಿ.

ಪಿನ್ನನ್ನು ಬಟನ್ನಿನಲ್ಲೇ ಒತ್ತಬೇಕು, ಬಾಯಲ್ಲಿ ಹೇಳಬಾರದು. ಸ್ಪೀಕರ್ ಹಾಕಿಕೊಂಡಿದ್ದರೆ ಈ ಹಂತದಲ್ಲಿ ಬೇರೆಯವರಿಗೆ ಪರದೆ ಕಾಣದಂತೆ ಫೋನನ್ನು ಎದೆಯ ಹತ್ತಿರ ಹಿಡಿಯಿರಿ, ಏಕೆಂದರೆ ಹಲವು ಬಟನ್ ಫೋನುಗಳಲ್ಲಿ ಕರೆಯ ನಡುವೆ ಒತ್ತಿದ ಅಂಕಿಗಳು ಪರದೆಯ ಮೇಲೆ ಹಾಗೆಯೇ ಮೂಡುತ್ತವೆ. ಫೋನಿನ ಹೆಸರಿನ ಪಟ್ಟಿಯಲ್ಲಿ ‘ಬ್ಯಾಂಕ್’ ಎಂದು ಬರೆದು ಪಿನ್ನನ್ನು ನಂಬರಿನಂತೆ ಉಳಿಸಿಡುವ ಅಡ್ಡದಾರಿಯನ್ನು ಮೊಮ್ಮಕ್ಕಳೇ ಕಲಿಸಿಕೊಟ್ಟಿರುತ್ತಾರೆ. ಅದನ್ನು ಇಂದೇ ಅಳಿಸಿಹಾಕಿ.

ಪಿನ್ ಒತ್ತಿದ ಮೇಲೆ ಬ್ಯಾಂಕಿನಿಂದ ಉತ್ತರ ಬರುವವರೆಗೆ ಧ್ವನಿ ಸುಮ್ಮನಿರುತ್ತದೆ. ಆ ಹೊತ್ತಿನಲ್ಲಿ ಕರೆ ಕತ್ತರಿಸಿದರೆ ಪಾವತಿ ರದ್ದಾಗುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಆಜ್ಞೆ ಆಗಲೇ ಹೊರಟಿರುತ್ತದೆ, ನಿಮಗೆ ಫಲಿತಾಂಶ ಕೇಳಿಸುವುದಿಲ್ಲ ಅಷ್ಟೆ. ಆದ್ದರಿಂದ ಯಶಸ್ವಿ ಅಥವಾ ವಿಫಲ ಎಂಬ ಮಾತು ಕೇಳುವವರೆಗೆ ಕಾಯಿರಿ. ಸಿಗ್ನಲ್ ಹೋಗಿ ಕರೆಯೇ ಬಿದ್ದುಹೋದರೆ ತಕ್ಷಣ ಎರಡನೇ ಸಲ ಕಳಿಸಬೇಡಿ. ಬ್ಯಾಂಕಿನ ಎಸ್‌ಎಂಎಸ್ ನೋಡಿ, ಅದೂ ಬಾರದಿದ್ದರೆ ಅದೇ ನಂಬರಿಗೆ ಕರೆ ಮಾಡಿ ಖಾತೆಯಲ್ಲಿರುವ ಬಾಕಿ ಕೇಳಿ. ಹಣ ಕಡಿತವಾಗಿಯೂ ಅಂಗಡಿಯವರಿಗೆ ದೃಢೀಕರಣ ತಲುಪದಿದ್ದರೆ, ರಿಸರ್ವ್ ಬ್ಯಾಂಕಿನ 2019ರ ನಿಯಮದಂತೆ ವ್ಯಾಪಾರಿ ಪಾವತಿಯಲ್ಲಿ ಐದು ದಿನದೊಳಗೆ, ವ್ಯಕ್ತಿಯ ಖಾತೆಗೆ ಕಳಿಸಿದ್ದರೆ ಮರುದಿನದೊಳಗೆ ಅದು ತಾನಾಗಿ ವಾಪಸಾಗಬೇಕು. ತಡವಾದ ಪ್ರತಿ ದಿನಕ್ಕೆ ಬ್ಯಾಂಕು 100 ರೂಪಾಯಿ ಪರಿಹಾರ ಕೊಡಬೇಕು. ದೂರು ಕೊಡುವಾಗ ಎಸ್‌ಎಂಎಸ್‌ನಲ್ಲಿರುವ ಹನ್ನೆರಡು ಅಂಕಿಯ ವ್ಯವಹಾರ ಸಂಖ್ಯೆ ಬೇಕಾಗುತ್ತದೆ, ಆದ್ದರಿಂದ ಆ ಸಂದೇಶವನ್ನು ಅಳಿಸಬೇಡಿ. ಮಾಹಿತಿಗೆ 14431 ಸಹಾಯವಾಣಿ ಇದೆ.

ಇದೇ ಸೇವೆಯಲ್ಲಿ ಮಿಸ್ಡ್ ಕಾಲ್ ದಾರಿಯೂ ಇದೆ. ಅಂಗಡಿಯವರು ನಿಮ್ಮ ನಂಬರು ಮತ್ತು ಮೊತ್ತವನ್ನು ದಾಖಲಿಸುತ್ತಾರೆ, ನೀವು ಅಲ್ಲಿ ಬರೆದಿರುವ ನಂಬರಿಗೆ ಮಿಸ್ಡ್ ಕಾಲ್ ಕೊಡುತ್ತೀರಿ, ಆಮೇಲೆ ತಿರುಗಿ ಕರೆ ಬಂದು ಮೊತ್ತ ಹೇಳಿ ಪಿನ್ ಕೇಳುತ್ತದೆ. ಮೊತ್ತ ಒತ್ತುವ ಶ್ರಮ ಇದರಲ್ಲಿ ತಪ್ಪುತ್ತದೆ ನಿಜ. ಆದರೂ ನಾನು ಹಿರಿಯರಿಗೆ ಸೂಚಿಸುವುದು ತಾವೇ ಕರೆ ಮಾಡುವ ದಾರಿಯನ್ನೇ. ಬರುವ ಕರೆಗೆ ಪಿನ್ ಒತ್ತುವ ಅಭ್ಯಾಸ ಬಿದ್ದವರನ್ನು ವಂಚಕರು ಸುಲಭವಾಗಿ ಹಿಡಿಯುತ್ತಾರೆ, ಪರದೆಯ ಮೇಲೆ ಕಾಣುವ ನಂಬರನ್ನು ನಕಲು ಮಾಡುವುದೂ ಅವರಿಗೆ ಕಷ್ಟವಲ್ಲ. ನೀವು ಮಿಸ್ಡ್ ಕಾಲ್ ಕೊಡದೆಯೇ ಬಂದು ಪಿನ್ ಕೇಳುವ ಕರೆ, ಅದು ಎಷ್ಟೇ ಚೆನ್ನಾಗಿ ಕನ್ನಡ ಮಾತಾಡಿದರೂ, ವಂಚನೆಯದೇ. ‘ನಿಮಗೆ ಹಣ ಬಂದಿದೆ, ಪಡೆಯಲು ಪಿನ್ ಒತ್ತಿ’ ಎಂಬುದೂ ಅಷ್ಟೇ, ಏಕೆಂದರೆ ಹಣ ಪಡೆಯಲು ಪಿನ್ ಬೇಕಾಗುವುದಿಲ್ಲ. ಒತ್ತಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ನಂತರ ಬ್ಯಾಂಕಿಗೆ ತಿಳಿಸಿ ಪಿನ್ ಬದಲಿಸಿಕೊಳ್ಳಿ.